ಸರಾಸರಿ ಆಯುಷ್ಯ 70 ಅಂದ್ರೆ 60 ಆದವರಿಗೆ ಉಳಿದದ್ದು ಬರೀ 10 ವರ್ಷವಾ?

ಕಲ್ಯಾಣಪುರ_ನಿವೃತ್ತ
ಎಲ್ಲರಿಗೂ ನಮಸ್ಕಾರ. ನನಗೆ 60 ತುಂಬಿ ಕಳೆದ ತಿಂಗಳು ಕೆಲಸದಿಂದ ನಿವೃತ್ತನಾದೆ. ಖಾಸಗಿ ಕಂಪನಿ, ಹೇಳಿಕೊಳ್ಳುವಂಥ ಪಿಂಚಣಿ ಇಲ್ಲ. ಕೈಗೆ ಬಂದ ಪಿಎಫ್, ಗ್ರಾಚ್ಯುಟಿ ಹಣದಲ್ಲೇ ನಾನು ಮತ್ತು ಹೆಂಡತಿ ಮುಂದೆ ನಡೆಯಬೇಕು. ತಿಂಗಳಿಗೆ ಎಷ್ಟು ತೆಗೆಯಬಹುದು ಅಂತ ಲೆಕ್ಕ ಹಾಕಲು ಕೂತರೆ ಮೊದಲು ಬೇಕಾದದ್ದೇ ಎಷ್ಟು ವರ್ಷ ಅನ್ನುವ ಸಂಖ್ಯೆ.

ಅಳಿಯ ಹೇಳುತ್ತಾರೆ: "ಮಾವ, ಭಾರತದಲ್ಲಿ ಸರಾಸರಿ ಆಯುಷ್ಯ 70. ನಿಮಗೆ 60. ಹತ್ತು ವರ್ಷಕ್ಕೆ ಲೆಕ್ಕ ಹಾಕಿ, ಜಾಸ್ತಿ ಅಂದ್ರೆ ಹನ್ನೆರಡು." ಕೇಳಲು ಸರಿ ಅನ್ನಿಸುತ್ತದೆ. ಆದರೆ ನಮ್ಮ ಕೇರಿಯಲ್ಲೇ 80 ದಾಟಿದವರು ಬೇಕಾದಷ್ಟು ಜನ ಇದ್ದಾರೆ. ಹಾಗಾದರೆ ಈ 70 ಎಲ್ಲಿಂದ ಬರುತ್ತದೆ? ಆ ವರ್ಷ ಸತ್ತವರ ವಯಸ್ಸನ್ನೆಲ್ಲ ಕೂಡಿಸಿ ಭಾಗಿಸುವುದಾ? ಗೊತ್ತಿದ್ದವರು ಹೇಳಿ.

ಮಲ್ಪೆ_ಗಾಳಿ
ಆಯುಷ್ಯ ಬರೆಯುವವನು ಮೇಲೆ ಇದ್ದಾನೆ ಮಾರಾಯ್ರೆ. ಹಣ ಎಫ್‌ಡಿಯಲ್ಲಿಡಿ, ನೆಮ್ಮದಿಯಾಗಿರಿ.

ಕದ್ರಿ_ಹುಡುಗ
ನಿಮ್ಮ ಅಳಿಯನ ಲೆಕ್ಕ ತಪ್ಪು ಸರ್. ಆ 70 ಈಗ ಹುಟ್ಟುವ ಮಗುವಿನದ್ದು. ಅದರೊಳಗೆ ಹುಟ್ಟಿದ ತಿಂಗಳಲ್ಲೇ ಹೋಗುವ ಮಕ್ಕಳೂ ಸೇರಿರುತ್ತಾರೆ, ಅಪಘಾತದಲ್ಲಿ ಹೋಗುವ ಹುಡುಗರೂ ಸೇರಿರುತ್ತಾರೆ. ನೀವು ಅದೆಲ್ಲ ದಾಟಿ ಬಂದವರು. ನಿಮಗೆ ಬೇಕಾದದ್ದು 60ರಲ್ಲಿನ ನಿರೀಕ್ಷಿತ ಆಯುಷ್ಯ, ಅದು ಬೇರೆಯೇ ಸಂಖ್ಯೆ.

ಹಿಂದಿನ ಕಾಲದ ಬಗ್ಗೆಯೂ ಇದೇ ತಪ್ಪು ಕಲ್ಪನೆ. ಸ್ವಾತಂತ್ರ್ಯ ಬಂದಾಗ ಸರಾಸರಿ ಆಯುಷ್ಯ 32 ಇತ್ತು ಅಂದ ಕೂಡಲೇ ಎಲ್ಲರೂ 32ಕ್ಕೆ ಸಾಯುತ್ತಿದ್ದರು ಅಂದುಕೊಳ್ಳುತ್ತಾರೆ. ಮಕ್ಕಳ ಸಾವು ಬಿಟ್ಟರೆ ಆಗಿನವರೂ ಈಗಿನವರಷ್ಟೇ ಬದುಕುತ್ತಿದ್ದರು. ದೊಡ್ಡವರಲ್ಲಿ ಏನೂ ಬದಲಾಗಿಲ್ಲ.

ಬಿಜೈ_ಅಕ್ಕ
ನನ್ನ ಅಜ್ಜಿ 96 ವರ್ಷ ಬದುಕಿದರು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಬಂಗುಡೆ ಗಸಿ. ಒಂದು ದಿನವೂ ಆಸ್ಪತ್ರೆ ಮೆಟ್ಟಿಲು ಹತ್ತಿದವರಲ್ಲ. ಈಗಿನವರು ತಿನ್ನುವುದೇ ಸರಿ ಇಲ್ಲ, ಆಯುಷ್ಯ ಹೆಚ್ಚಾಗಿದೆ ಅಂದರೆ ನಂಬುವುದು ಹೇಗೆ?

ಪಾಠದ_ಟೀಚರ್
ಮಂಗಳೂರಿನ ಕಾಲೇಜಿನಲ್ಲಿ ತುಂಬಾ ವರ್ಷ ಸಂಖ್ಯಾಶಾಸ್ತ್ರ ಕಲಿಸಿದ್ದೇನೆ, ಈ ವಿಷಯ ನನಗೆ ಬಹಳ ಇಷ್ಟದ್ದು. ಒಂದೊಂದಾಗಿ ಹೇಳುತ್ತೇನೆ.

ಕದ್ರಿ_ಹುಡುಗ, ನಿಮ್ಮ ಮೊದಲ ಪ್ಯಾರಾ ಸರಿ. ಎರಡನೆಯದು ಅರ್ಧ ಸರಿ. 1970-75ರಲ್ಲಿ ಭಾರತದಲ್ಲಿ ಹುಟ್ಟುವಾಗಿನ ನಿರೀಕ್ಷಿತ ಆಯುಷ್ಯ 49.7 ವರ್ಷ. 60 ಮುಟ್ಟಿದವರಿಗೆ ಆಗ ಉಳಿದಿದ್ದದ್ದು ಸರಾಸರಿ 14 ವರ್ಷದ ಹತ್ತಿರ. 2014-18ಕ್ಕೆ ಬಂದರೆ ಮೊದಲನೆಯದು 69.4, ಎರಡನೆಯದು ಸುಮಾರು 18. ಹುಟ್ಟುವಾಗಿನ ಲೆಕ್ಕದಲ್ಲಿ 20 ವರ್ಷ ಏರಿದೆ, 60ರ ಲೆಕ್ಕದಲ್ಲಿ 4 ವರ್ಷ. ಏರಿಕೆಯ ದೊಡ್ಡ ಪಾಲು ಮಕ್ಕಳು ಮತ್ತು ಹರೆಯದವರು ಉಳಿದದ್ದರಿಂದ ಬಂತು, ನಿಜ. ಆದರೆ 60ರ ನಂತರ 4 ವರ್ಷ ಕೂಡುವುದು ಸಣ್ಣದಲ್ಲ. ದೊಡ್ಡವರಲ್ಲಿ ಏನೂ ಬದಲಾಗಿಲ್ಲ ಅನ್ನುವುದು ಸರಿಯಲ್ಲ.

ಬಿಜೈ ಅಕ್ಕ, 96 ಬದುಕಿದ ಅಜ್ಜಿಯನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಅದೇ ಗಂಜಿ ಕುಡಿದು ಬಾಣಂತನದಲ್ಲಿ ಹೋದ ಅವರ ಅಕ್ಕ ತಂಗಿಯರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಲೆಕ್ಕದಲ್ಲಿ ಇಬ್ಬರೂ ಬರಬೇಕು.

ಕಲ್ಯಾಣಪುರದ ಸರ್, ನಿಮ್ಮ ಕೊನೆಯ ಪ್ರಶ್ನೆ ಚೆನ್ನಾಗಿದೆ. ಸತ್ತವರ ವಯಸ್ಸಿನ ಸರಾಸರಿ ಅಲ್ಲ. ಮಣಿಪಾಲದಂಥ ಊರು ತೆಗೆದುಕೊಳ್ಳಿ. ಅಲ್ಲಿ ಬಾಡಿಗೆಗೆ, ಹಾಸ್ಟೆಲಿನಲ್ಲಿ ಇರುವವರಲ್ಲಿ ಹೆಚ್ಚಿನವರು ಹುಡುಗ ಹುಡುಗಿಯರು. ಇಂಥ ಕಡೆ ಸಾವು ಅಪರೂಪ, ಆದರೆ ಸಂಭವಿಸಿದರೆ ಅದು ಹರೆಯದವರದ್ದೇ ಆಗುವ ಸಾಧ್ಯತೆ ಹೆಚ್ಚು. ಸರಾಸರಿ ತೆಗೆದರೆ ಜನ 30ಕ್ಕೇ ಸಾಯುತ್ತಾರೆ ಅನ್ನುವಂತೆ ಕಾಣಬಹುದು. ಮಕ್ಕಳೆಲ್ಲ ಮುಂಬಯಿ, ದುಬೈ ಸೇರಿ ಅಜ್ಜ ಅಜ್ಜಿಯರೇ ಉಳಿದ ಹಳ್ಳಿಯಲ್ಲಿ ಅದೇ ಸರಾಸರಿ 80ರ ಹತ್ತಿರ ಹೋಗುತ್ತದೆ. ಎರಡೂ ಕಡೆ ನಾವು ಅಳೆದದ್ದು ಅಲ್ಲಿ ಯಾವ ವಯಸ್ಸಿನವರು ವಾಸ ಇದ್ದಾರೆ ಅನ್ನುವುದನ್ನು. ಆಯುಷ್ಯವನ್ನಲ್ಲ. ಈ ಗೊಂದಲ ತಪ್ಪಿಸಲಿಕ್ಕೇ ಲೈಫ್ ಟೇಬಲ್ ಇರುವುದು.

ಪಡುಬಿದ್ರಿ_ಪ್ರಯಾಣಿಕ
ಟೀಚರ್, ನಮ್ಮ ಪಂಚಾಯತಿನಲ್ಲೂ ಹಾಗೆಯೇ. ಹುಟ್ಟಿಗಿಂತ ಸಾವು ಜಾಸ್ತಿ ಕಾಣುತ್ತದೆ. ಹಾಗಂತ ಊರಿಗೆ ಏನೋ ರೋಗ ಬಂದಿಲ್ಲ, ಇರುವವರೇ ವಯಸ್ಸಾದವರು. ಆದರೆ ಆ ಟೇಬಲ್ ಮಾಡುವುದು ಹೇಗೆ? ಒಂದು ಸಾವಿರ ಮಕ್ಕಳನ್ನು ಹಿಡಿದು ಕೊನೆಯವರು ಸಾಯುವ ತನಕ ನೂರು ವರ್ಷ ಕಾಯುತ್ತಾರಾ?

ಪಾಠದ_ಟೀಚರ್
ಕಾಯುವುದಿಲ್ಲ. ಕಾದರೆ ಉತ್ತರ ಬರುವಾಗ ಯಾರಿಗೂ ಬೇಡದ್ದಾಗಿರುತ್ತದೆ. ಬದಲಿಗೆ ಈ ವರ್ಷ ಆಯಾ ವಯಸ್ಸಿನವರಲ್ಲಿ ಎಷ್ಟು ಸಾವಾಯಿತು ಅಂತ ನೋಡುತ್ತಾರೆ. ಶಿಶುಗಳಲ್ಲಿ ಇಷ್ಟು, 20-24ರವರಲ್ಲಿ ಇಷ್ಟು, 60-64ರವರಲ್ಲಿ ಇಷ್ಟು. ಆಮೇಲೆ ಒಂದು ಸಾವಿರ ಕಾಲ್ಪನಿಕ ಮಕ್ಕಳನ್ನು ತೆಗೆದುಕೊಂಡು, ಈ ದರಗಳ ಒಳಗೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾರೆ. ಸರ್ಕಾರಿ ಟೇಬಲಿನಲ್ಲಿ ಸಾಮಾನ್ಯವಾಗಿ ಒಂದು ಲಕ್ಷದಿಂದ ಶುರು ಮಾಡುತ್ತಾರೆ. ಲೆಕ್ಕ ಕಾಣಲು ನಮಗೆ ಸಾವಿರ ಸಾಕು.

60ರಿಂದ ಮೇಲಿನ ಭಾಗವನ್ನು ಮಾಡಿ ತೋರಿಸುತ್ತೇನೆ. ದರಗಳು ಅಧಿಕೃತವಲ್ಲ, ಲೆಕ್ಕ ಸುಲಭವಾಗಲಿ ಅಂತ ನಾನೇ ಆರಿಸಿದ ದುಂಡು ಸಂಖ್ಯೆಗಳು. ಭಾರತದ ಸ್ಥಿತಿಯಿಂದ ತುಂಬಾ ದೂರ ಹೋಗದಂತೆ ನೋಡಿಕೊಂಡಿದ್ದೇನೆ.

60-64ರ ಗುಂಪಿನಲ್ಲಿ ವರ್ಷಕ್ಕೆ ಸಾವಿರಕ್ಕೆ 20 ಸಾವು ಅನ್ನೋಣ. ಐದು ವರ್ಷದಲ್ಲಿ ಎಷ್ಟು?

ಕದ್ರಿ_ಹುಡುಗ
20 × 5 = 100. ಸಾವಿರದಲ್ಲಿ 900 ಜನ 65 ಮುಟ್ಟುತ್ತಾರೆ.

ಪಾಠದ_ಟೀಚರ್
ಹೆಚ್ಚಿನವರು ಹೀಗೇ ಮಾಡುವುದು, ಎಡವುವುದೂ ಇಲ್ಲೇ. ಆ 20 ಅನ್ನುವುದು ಬದುಕಿದ್ದವರ ಸಾವಿರಕ್ಕೆ. ಮೊದಲ ವರ್ಷ 20 ಜನ ಹೋದ ಮೇಲೆ ಎರಡನೇ ವರ್ಷಕ್ಕೆ ಸಾವಿರ ಜನ ಇಲ್ಲ, 980 ಇದ್ದಾರೆ. ಹೀಗೆ ಪ್ರತಿ ವರ್ಷ ಗುಂಪು ಕರಗುತ್ತದೆ. ಸತ್ತವರು ಸರಾಸರಿಯಾಗಿ ಐದು ವರ್ಷದ ನಡುವಿನಲ್ಲಿ, ಅಂದರೆ ಎರಡೂವರೆ ವರ್ಷಕ್ಕೆ ಹೋದರು ಅಂತ ಇಟ್ಟುಕೊಂಡರೆ ಸೂತ್ರ ಹೀಗೆ ಬರುತ್ತದೆ. m ಅಂದರೆ ವರ್ಷದ ಮರಣ ದರ, q ಅಂದರೆ ಐದು ವರ್ಷದೊಳಗೆ ಸಾಯುವ ಸಂಭವ.

```
q = 5m / (1 + 2.5m)
q = 5 × 0.020 / (1 + 2.5 × 0.020) = 0.100 / 1.05 = 0.095
```

ಸಾವಿರಕ್ಕೆ 95 ಸಾವು. 905 ಜನ 65 ಮುಟ್ಟುತ್ತಾರೆ. 100ಕ್ಕೂ 95ಕ್ಕೂ ಏನು ಮಹಾ ವ್ಯತ್ಯಾಸ ಅನ್ನಬಹುದು. 90 ದಾಟಿದವರಲ್ಲಿ ದರ ವರ್ಷಕ್ಕೆ 0.22 ಅಂತ ಇಟ್ಟುಕೊಂಡು ಐದರಿಂದ ಗುಣಿಸಿ ನೋಡಿ. 1.1 ಬರುತ್ತದೆ. ಸಾವಿರ ಜನರಲ್ಲಿ 1,100 ಜನ ಸತ್ತ ಹಾಗೆ! ಸೂತ್ರದಲ್ಲಿ ಹಾಕಿದರೆ 0.71. ನಿಮ್ಮ ಟೇಬಲಿನಲ್ಲಿ ಎಲ್ಲಾದರೂ q ಒಂದನ್ನು ದಾಟಿದರೆ ಅಲ್ಲಿ ದರವನ್ನೇ ಸಂಭವ ಅಂತ ಹಿಡಿದಿದ್ದೀರಿ ಅಂತ ಅರ್ಥ.

ಈಗ ಮುಂದಿನ ದರಗಳು: 65-69ಕ್ಕೆ 0.030, 70-74ಕ್ಕೆ 0.050, 75-79ಕ್ಕೆ 0.075, 80-84ಕ್ಕೆ 0.12, 85ರ ಮೇಲೆ 0.20. ಇದೇ ಸೂತ್ರ ಹಾಕುತ್ತಾ ಇಳಿದರೆ:

```
ವಯಸ್ಸು   ಬದುಕಿರುವವರು   ಮುಂದಿನ 5 ವರ್ಷದಲ್ಲಿ ಬಾಳಿದ ವರ್ಷಗಳು
60       1000          4762.5
65        905          4210.0
70        779          3462.5
75        606          2552.5
80        415          1595.0
85+       223          1115.0
ಒಟ್ಟು                  17697.5
```

ಮೂರನೇ ಕಾಲಂ ಬಂದದ್ದು ಹೀಗೆ. 60ರಲ್ಲಿ 1000, 65ರಲ್ಲಿ 905. ನಡುವೆ ಸರಾಸರಿ 952.5 ಜನ ಇದ್ದರು, ಅವರು ಐದು ವರ್ಷ ಬಾಳಿದರು, 4,762.5 ವರ್ಷ. ಕೊನೆಯ ಸಾಲು ಮಾತ್ರ ಬೇರೆ ರೀತಿ, ಯಾಕೆಂದರೆ ಅದಕ್ಕೆ ಮೇಲೆ ಮಿತಿ ಇಲ್ಲ. ಅಲ್ಲಿ 223ನ್ನು ದರ 0.20ರಿಂದ ಭಾಗಿಸಬೇಕು. ಎಲ್ಲ ಕೂಡಿಸಿದರೆ ಸಾವಿರ ಜನ ಸೇರಿ 17,697.5 ವರ್ಷ ಬಾಳಿದ್ದಾರೆ. ತಲಾ 17.7 ವರ್ಷ.

ಇಷ್ಟೇ ಸರ್. 60 ಮುಟ್ಟಿದವರಿಗೆ ಉಳಿದದ್ದು ಸರಾಸರಿ 17.7 ವರ್ಷ, 10 ಅಲ್ಲ.

ಕಲ್ಯಾಣಪುರ_ನಿವೃತ್ತ
ಟೀಚರ್, ಕಾಗದ ಪೆನ್ಸಿಲ್ ಹಿಡಿದು ನಾನೂ ಮಾಡಿದೆ. ಬಂತು. ಆದರೆ ಒಂದು ಹಿಡಿಯುತ್ತಿಲ್ಲ. 60 + 17.7 = 77.7. ಹಾಗಾದರೆ ದೇಶದ ಸರಾಸರಿ 70 ಎಲ್ಲಿ ಹೋಯಿತು? ಎರಡೂ ಒಂದೇ ಟೇಬಲಿನಿಂದ ಬರಬೇಕಲ್ವಾ?

ಪಾಠದ_ಟೀಚರ್
ಒಂದೇ ಟೇಬಲಿನಿಂದಲೇ ಬರುತ್ತದೆ. ಈಗ ಹುಟ್ಟಿನಿಂದ ಶುರು ಮಾಡೋಣ. ಮತ್ತೆ ದುಂಡು ಸಂಖ್ಯೆಗಳು.

ಸಾವಿರ ಮಕ್ಕಳು ಹುಟ್ಟಿದರು. 40 ಮಕ್ಕಳು ಐದು ತುಂಬುವ ಮೊದಲೇ ಹೋದರು, ಅವರು ಬಾಳಿದ್ದು ಸರಾಸರಿ ಅರ್ಧ ವರ್ಷ ಅನ್ನಿ. ಒಟ್ಟು 20 ವರ್ಷ. ಇನ್ನು 160 ಜನ 5ರಿಂದ 60ರ ನಡುವೆ ಹೋದರು, ಸರಾಸರಿ 45ನೇ ವಯಸ್ಸಿನಲ್ಲಿ. 7,200 ವರ್ಷ. ಉಳಿದ 800 ಜನ 60 ಮುಟ್ಟಿದರು, ಅದು 48,000 ವರ್ಷ. ಆಮೇಲೆ ಅವರು ತಲಾ 17.7 ವರ್ಷ ಬದುಕಿದರು, 14,160 ವರ್ಷ. ಎಲ್ಲ ಕೂಡಿಸಿ: 69,380. ಸಾವಿರದಿಂದ ಭಾಗಿಸಿದರೆ 69.4.

ಈಗ ಮಕ್ಕಳ ಸಾಲು ಮಾತ್ರ ಬದಲಿಸಿ. 40ರ ಬದಲು 200 ಮಕ್ಕಳು ಹೋದರು, ಸರಾಸರಿ ಒಂದು ವರ್ಷ ಬಾಳಿ. ಐದು ದಾಟಿದವರ ದರಗಳು ಎಲ್ಲ ಮೊದಲಿನಂತೆ. ಆಗ 60 ಮುಟ್ಟುವವರು 667, ನಡುವೆ ಹೋಗುವವರು 133. ಲೆಕ್ಕ ಮಾಡಿದರೆ ಹುಟ್ಟುವಾಗಿನ ಆಯುಷ್ಯ 58ಕ್ಕೆ ಇಳಿಯುತ್ತದೆ. 60ರ ಆಯುಷ್ಯ 17.7ರಲ್ಲೇ ಇರುತ್ತದೆ, ಒಂದು ದಿನವೂ ಕಡಿಮೆಯಾಗುವುದಿಲ್ಲ. ಮಗು ಸತ್ತರೆ ಎಪ್ಪತ್ತು ಚಿಲ್ಲರೆ ವರ್ಷ ಒಟ್ಟಿಗೆ ಹೋಗುತ್ತದೆ, ಅದಕ್ಕೇ ಆ ಒಂದು ಸಾಲಿಗೆ ಅಷ್ಟು ತೂಕ. 1971ರಲ್ಲಿ ಭಾರತದಲ್ಲಿ ಸಾವಿರ ಹುಟ್ಟಿಗೆ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ಕ್ಕೆ ಅದು 28.

ಶಿಶುಗಳ ಸಾಲಿನಲ್ಲಿ ಇನ್ನೊಂದು ಎಚ್ಚರ ಬೇಕು. ದೊಡ್ಡವರ ಹಾಗೆ "ಸಾವು ಅವಧಿಯ ನಡುವೆ ಆಯಿತು" ಅಂತ ಹಿಡಿಯುವಂತಿಲ್ಲ. ಮೊದಲ ವರ್ಷದ ಸಾವುಗಳಲ್ಲಿ ಹೆಚ್ಚಿನವು ಮೊದಲ ತಿಂಗಳಲ್ಲೇ ಆಗುತ್ತವೆ, ಅದರಲ್ಲೂ ಮೊದಲ ವಾರ. ಹಾಗಾಗಿ ಟೇಬಲಿನಲ್ಲಿ 0 ವಯಸ್ಸಿಗೆ ಯಾವಾಗಲೂ ಪ್ರತ್ಯೇಕ ಸಾಲು, 1-4ಕ್ಕೆ ಪ್ರತ್ಯೇಕ ಸಾಲು. ಐದರಿಂದ ಮೇಲೆ ಐದೈದು ವರ್ಷದ ಮೆಟ್ಟಿಲು.

ಮಲ್ಪೆ_ಗಾಳಿ
ಇಷ್ಟೆಲ್ಲ ಲೆಕ್ಕ ಹಾಕಿ ಕೊನೆಗೆ 18 ವರ್ಷ ಅಂತ ಹಣ ಹಂಚಿ, 19ನೇ ವರ್ಷ ಏನು ಮಾಡುವುದು? ಸರಾಸರಿ ಊಟ ಹಾಕುವುದಿಲ್ಲ.

ಬಂದರು_ರಸ್ತೆ
ಮಲ್ಪೆಯವರ ಪ್ರಶ್ನೆ ಇಲ್ಲಿ ಬಂದವುಗಳಲ್ಲೇ ಮುಖ್ಯವಾದದ್ದು. ನಾನು ವಿಮೆ ಕ್ಷೇತ್ರದಲ್ಲಿ ಇದ್ದವನು, ಈಗ ಇಲ್ಲ, ಏನನ್ನೂ ಮಾರುತ್ತಿಲ್ಲ.

ಟೀಚರ್ ಅವರ ಟೇಬಲಿನಲ್ಲೇ ಎರಡನೇ ಕಾಲಂ ನೋಡಿ. 75ರಲ್ಲಿ 606 ಜನ, 80ರಲ್ಲಿ 415. ಸಾವಿರ ಅರ್ಧಕ್ಕೆ ಇಳಿಯುವುದು 78ರ ಹತ್ತಿರ. ಅಂದರೆ "18 ವರ್ಷಕ್ಕೆ ಹಣ ಸಾಕು" ಅಂತ ಯೋಜನೆ ಹಾಕಿದ ನೂರು ಜನರಲ್ಲಿ ಐವತ್ತು ಜನರ ಹಣ ಅವರಿಗಿಂತ ಮೊದಲು ಮುಗಿಯುತ್ತದೆ. ನೂರರಲ್ಲಿ 22 ಜನ 85ನ್ನೂ ದಾಟುತ್ತಾರೆ. ಹಣದ ವಿಷಯಕ್ಕೆ ನೋಡಬೇಕಾದದ್ದು 17.7 ಅನ್ನುವ ಒಂದು ಸಂಖ್ಯೆಯನ್ನಲ್ಲ. ಬದುಕಿರುವವರ ಆ ಇಡೀ ಕಾಲಂ ಅನ್ನು.

ಮತ್ತೊಂದು. ಸರ್ ಒಬ್ಬರೇ ಅಲ್ಲ, ಮನೆಯವರೂ ಇದ್ದಾರೆ. ನಮ್ಮ ದೇಶದ ಟೇಬಲುಗಳಲ್ಲಿ 60 ದಾಟಿದ ಹೆಂಗಸರಿಗೆ ಗಂಡಸರಿಗಿಂತ ಸುಮಾರು ಒಂದೂವರೆ ವರ್ಷ ಜಾಸ್ತಿ. ಈ ಟೇಬಲಿನಂತೆ ಗಂಡ 80 ಮುಟ್ಟುವ ಸಂಭವ 0.415. ಹೆಂಡತಿಯದ್ದು 0.50 ಅಂತ ಇಡಿ. ಇಬ್ಬರೂ 80ರೊಳಗೆ ಹೋಗುವ ಸಂಭವ 0.585 × 0.50, ಅಂದರೆ 0.29. ಹಾಗಾದರೆ ಇಬ್ಬರಲ್ಲಿ ಒಬ್ಬರಾದರೂ 80 ದಾಟುವ ಸಂಭವ 0.71. ನೂರು ದಂಪತಿಗಳಲ್ಲಿ 71 ಮನೆಗಳಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೂ ಖರ್ಚು ನಡೆಯುತ್ತಿರುತ್ತದೆ. ಅಳಿಯನಿಗೆ ಈ ಸಂಖ್ಯೆ ತೋರಿಸಿ.

ಪಡುಬಿದ್ರಿ_ಪ್ರಯಾಣಿಕ
ಇದರಲ್ಲಿ ಒಂದು ತೊಡಕು ಇದೆ. ಎರಡು ಸಂಭವ ಗುಣಿಸುವುದು ಒಬ್ಬರಿಗೂ ಇನ್ನೊಬ್ಬರಿಗೂ ಸಂಬಂಧ ಇಲ್ಲದಿದ್ದರೆ ಮಾತ್ರ. ಗಂಡ ಹೆಂಡತಿ ಒಂದೇ ಮನೆ, ಒಂದೇ ಊಟ, ಒಂದೇ ಹೊಗೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಬೇಗ ಹೋಗುವುದನ್ನೂ ನೋಡಿದ್ದೇವೆ.

ಬಂದರು_ರಸ್ತೆ
ಒಪ್ಪಿದೆ. ಹಾಗಾಗಿ ನಿಜವಾದ ಸಂಖ್ಯೆ 0.71ಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಆದರೆ ಒಬ್ಬರದ್ದೇ ಆದ 0.415ಕ್ಕೆ ಅಂತೂ ಇಳಿಯುವುದಿಲ್ಲ.

ಬಿಜೈ_ಅಕ್ಕ
ಹಾಗಾದರೆ ವಿಮೆಯವರು ಕೊಡುವ ಪಿಂಚಣಿ ಪ್ಲಾನಿಗೂ ಇದೇ ಟೇಬಲಾ? ನನ್ನ ನಾದಿನಿಗೆ ಒಬ್ಬ ಏಜೆಂಟ್ "ಸರಕಾರದ ಸರಾಸರಿ ಪ್ರಕಾರ ಲೆಕ್ಕ ಹಾಕಿದ್ದೇವೆ" ಅಂದಿದ್ದ.

ಬಂದರು_ರಸ್ತೆ
ಅಲ್ಲ ಅಕ್ಕ. ಜೀವವಿಮೆಗೆ ಬೇರೆ ಟೇಬಲ್, ಪಿಂಚಣಿಗೆ ಬೇರೆ. ಜೀವವಿಮೆಗೆ ಈಗ ಆಧಾರವಾಗಿರುವುದು ವಿಮೆ ಮಾಡಿಸಿದವರ 2012-14ರ ಅನುಭವದಿಂದ ಮಾಡಿದ ಟೇಬಲ್. ಪಿಂಚಣಿ ಕೊಂಡವರಿಗೆ 2012-15ರ ಅನುಭವದ ಪ್ರತ್ಯೇಕ ಟೇಬಲ್ ಇದೆ. ಕಾರಣ ಸುಲಭ. ಕಾಯಿಲೆ ಬಿದ್ದವನು ಜೀವನಪೂರ್ತಿ ಬರುವ ಪಿಂಚಣಿಗೆ ದೊಡ್ಡ ಮೊತ್ತ ಹಾಕುವುದಿಲ್ಲ. ಆರೋಗ್ಯ ಚೆನ್ನಾಗಿದೆ, ಅಪ್ಪ ಅಮ್ಮ ತುಂಬಾ ಕಾಲ ಬದುಕಿದ್ದರು ಅನ್ನುವವನೇ ಹಾಕುವುದು. ಹಾಗಾಗಿ ಪಿಂಚಣಿ ಕೊಂಡವರು ಸಾಮಾನ್ಯ ಜನರಿಗಿಂತ ಹೆಚ್ಚು ಬದುಕುತ್ತಾರೆ, ಕಂಪನಿ ಆ ಉದ್ದದ ಆಯುಷ್ಯಕ್ಕೇ ಲೆಕ್ಕ ಹಾಕಿ ತಿಂಗಳ ಮೊತ್ತ ಇಡುತ್ತದೆ. ನಾದಿನಿಗೆ ಹೇಳಿ, ಯಾವ ಟೇಬಲ್ ಅಂತ ಕೇಳಲಿ.

ಕದ್ರಿ_ಹುಡುಗ
ಟೀಚರ್, ನನಗೆ ಇನ್ನೊಂದು ಸಂಶಯ. ಈ ವರ್ಷದ ದರಗಳನ್ನೆಲ್ಲ ಒಂದರ ಮೇಲೆ ಒಂದು ಜೋಡಿಸಿದ್ದು ಅಂದಿರಿ. ಹಾಗಾದರೆ ಈಗ ಹುಟ್ಟಿದ ಮಗು 2085ರಲ್ಲಿ 60 ಆಗುವಾಗ ಈಗಿನ 60ರವರ ದರವೇ ಇರುತ್ತದೆ ಅಂತ ಹಿಡಿದ ಹಾಗೆ ಆಯಿತಲ್ಲ. ಅದು ಸುಳ್ಳು ಲೆಕ್ಕ ಅಲ್ವಾ?

ಪಾಠದ_ಟೀಚರ್
ಸುಳ್ಳಲ್ಲ, ಆದರೆ ಅದು ಭವಿಷ್ಯ ಹೇಳುವ ಲೆಕ್ಕವೂ ಅಲ್ಲ. ಈಗಿನ ಸ್ಥಿತಿ ಹೀಗೇ ನಿಂತರೆ ಎಷ್ಟು ಬದುಕಬಹುದು ಅನ್ನುವ ಅಳತೆ. ಕೋವಿಡ್ ಸಮಯದಲ್ಲಿ ಇದು ಚೆನ್ನಾಗಿ ಕಂಡಿತು. ಅಮೆರಿಕದಲ್ಲಿ 2019ರಲ್ಲಿ 78.8 ಇದ್ದದ್ದು 2020ರಲ್ಲಿ 77.0, 2021ರಲ್ಲಿ 76.4 ಆಯಿತು. ಹಾಗಂತ 2021ರಲ್ಲಿ ಹುಟ್ಟಿದ ಮಕ್ಕಳು 2019ರವರಿಗಿಂತ ಎರಡೂವರೆ ವರ್ಷ ಮೊದಲು ಸಾಯುತ್ತಾರೆ ಅಂತಲ್ಲ. ಆ ವರ್ಷದ ದರವನ್ನು ಇಡೀ ಜೀವನಕ್ಕೆ ಎಳೆದಾಗ ಸಂಖ್ಯೆ ಹಾಗೆ ಬಂತು. ಸರ್ ವಿಷಯಕ್ಕೆ ಬಂದರೆ, ಮುಂದೆ ಮುಪ್ಪಿನ ಸಾವು ಇನ್ನೂ ಕಡಿಮೆಯಾದರೆ 17.7 ಕೂಡ ಕಡಿಮೆ ಅಂದಾಜೇ.

ಹಳೇ_ಗಣತಿದಾರ
ತಡವಾಗಿ ನೋಡಿದೆ. ಎಲ್ಲರೂ ದರ ದರ ಅನ್ನುತ್ತಿದ್ದೀರಿ, ಆ ದರ ಎಲ್ಲಿಂದ ಬರುತ್ತದೆ ಅಂತ ಯಾರೂ ಕೇಳಿಲ್ಲ. ಮೇಲೆ ಎಷ್ಟು ಜನ ಸತ್ತರು, ಕೆಳಗೆ ಆ ವಯಸ್ಸಿನವರು ಎಷ್ಟು ಜನ ಇದ್ದರು, ಎರಡೂ ಸರಿ ಇರಬೇಕು. ನಾನು ಉಡುಪಿ ಸುತ್ತಮುತ್ತ ಜನಗಣತಿ ಕೆಲಸ ಮಾಡಿದವನು. ಮುದುಕರ ವಯಸ್ಸು ಬರೆಯುವುದು ಎಂಥ ಕಷ್ಟ ಅಂತ ನನಗೆ ಗೊತ್ತು.

ಒಬ್ಬರನ್ನು ಕೇಳಿದರೆ "60 ಆಯಿತು" ಅನ್ನುತ್ತಾರೆ, ಪಕ್ಕದ ಮನೆಯವರೂ 60, ಆಚೆ ಮನೆಯವರು 70. 63, 67 ಅನ್ನುವವರು ಕಡಿಮೆ. ಎಲ್ಲರೂ ಸೊನ್ನೆ, ಐದರ ಮೇಲೆ ಬಂದು ಕೂರುತ್ತಾರೆ. ಶಾಲೆಗೆ ಹೋದವರದ್ದು ಇನ್ನೊಂದು ಕಥೆ, ಮೇಷ್ಟ್ರು ಹಾಕಿದ ಜೂನ್ 1. ಆಗ ನಾವು ಘಟನೆ ಹಿಡಿದು ಕೇಳುತ್ತಿದ್ದೆವು. ನೇತ್ರಾವತಿಗೆ 1974ರಲ್ಲಿ ನೆರೆ ಬಂದಾಗ ಎಷ್ಟು ದೊಡ್ಡವರಿದ್ದಿರಿ? ಮದುವೆ ಆಗಿತ್ತಾ? ಉಡುಪಿಯಲ್ಲಿ ಕೆಲವು ಅಜ್ಜಿಯಂದಿರು "ನಾನು ಪುತ್ತಿಗೆ ಪರ್ಯಾಯದಲ್ಲಿ ಹುಟ್ಟಿದ್ದು" ಅನ್ನುತ್ತಿದ್ದರು. ಪರ್ಯಾಯ ಎರಡು ವರ್ಷಕ್ಕೊಮ್ಮೆ ಬದಲಾಗುವುದರಿಂದ ಕೇಳಲು ಖುಷಿ. ಆದರೆ ಎಂಟು ಮಠ, ಹದಿನಾರು ವರ್ಷಕ್ಕೊಮ್ಮೆ ಅದೇ ಮಠ. ಪುತ್ತಿಗೆ 2008ರಲ್ಲೂ ಬಂತು, 2024ರಲ್ಲೂ ಬಂತು. ಹಾಗಾಗಿ ಅಜ್ಜಿಗೆ 74ಆ, 90ಆ ಅನ್ನುವುದನ್ನು ಬೇರೆ ದಾರಿಯಿಂದ ಹಿಡಿಯಬೇಕಿತ್ತು.

ವಯಸ್ಸಾದವರು ತಮ್ಮ ವಯಸ್ಸನ್ನು ಜಾಸ್ತಿ ಹೇಳುವುದೂ ಸಾಮಾನ್ಯ. 76ರವರು 85 ಅಂದರೆ, 85+ ಸಾಲಿನಲ್ಲಿ ಇನ್ನೂ ಗಟ್ಟಿಯಾಗಿರುವ ಜನ ತುಂಬಿಕೊಳ್ಳುತ್ತಾರೆ. ಆ ಸಾಲಿನ ಮರಣ ದರ ಕಡಿಮೆ ಕಾಣುತ್ತದೆ, 60ರ ಆಯುಷ್ಯ ಉಬ್ಬುತ್ತದೆ.

ಪಾಠದ_ಟೀಚರ್
ಸರಿಯಾಗಿ ಹೇಳಿದಿರಿ ಅಣ್ಣ. ನನ್ನ ಟೇಬಲಿನಲ್ಲಿ 85+ ದರ 0.20ರ ಬದಲು 0.16 ಅಂತ ತಪ್ಪಾಗಿ ಬಂದರೆ, ಕೊನೆ ಸಾಲಿನ 1,115 ಸುಮಾರು 1,394 ಆಗುತ್ತದೆ. 17.7 ಇದ್ದದ್ದು 18.0 ಆಗುತ್ತದೆ. ಒಂದು ಸಾಲಿನ ತಪ್ಪಿಗೆ ಇಷ್ಟು. ಉಳಿದ ಸಾಲುಗಳಿಗೂ ಹರಡಿದರೆ ಇನ್ನೂ ಜಾಸ್ತಿ. ಟೇಬಲ್ ನೋಡುವಾಗ 80ರ ಮೇಲೆ ಮರಣ ದರ ಏರದೆ ನಿಂತುಬಿಟ್ಟರೆ ನಾನು ಮೊದಲು ವಯಸ್ಸಿನ ಮೇಲೆ ಸಂಶಯ ಪಡುತ್ತೇನೆ.

ಪಡುಬಿದ್ರಿ_ಪ್ರಯಾಣಿಕ
ಒಂದು ಯೋಚನೆ. ಸಾವಿನ ನೋಂದಣಿ ಈಗ ನಮ್ಮ ಕಡೆ ಚೆನ್ನಾಗಿಯೇ ಆಗುತ್ತದೆ. ಉಡುಪಿ, ಮಂಗಳೂರು ನಗರಗಳ ಮರಣ ನೋಂದಣಿ ಪುಸ್ತಕ ತೆಗೆದುಕೊಂಡು ನಮ್ಮದೇ ಟೇಬಲ್ ಮಾಡಬಹುದಲ್ಲ? ದೇಶದ ಸರಾಸರಿ ಹಿಡಿದು ಯಾಕೆ ಕೂರಬೇಕು?

ಹಳೇ_ಗಣತಿದಾರ
ಆಗುವುದಿಲ್ಲ. ಸಾವು ಎಲ್ಲಿ ಆಯಿತೋ ಅಲ್ಲಿ ನೋಂದಣಿ, ಸತ್ತವರ ಮನೆ ಎಲ್ಲಿದ್ದರೂ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಿಗೆ ಶಿವಮೊಗ್ಗ, ಉತ್ತರ ಕನ್ನಡ, ಕಾಸರಗೋಡಿನಿಂದೆಲ್ಲ ಜನ ಬರುತ್ತಾರೆ. ಬರುವುದೇ ಕಾಯಿಲೆ ಜೋರಾದ ಮೇಲೆ. ಅವರ ಸಾವು ಇಲ್ಲಿನ ಪುಸ್ತಕಕ್ಕೆ, ಅವರ ಹೆಸರು ಅಲ್ಲಿನ ಜನಸಂಖ್ಯೆಗೆ. ಭಾಗಿಸಿದರೆ ಮಂಗಳೂರಿನವರು ಬೇಗ ಸಾಯುತ್ತಾರೆ, ದೂರದ ಹಳ್ಳಿಯವರು ಸಾಯುವುದೇ ಇಲ್ಲ ಅಂತ ಬರುತ್ತದೆ.

ಇದಕ್ಕೇ ಎಸ್‌ಆರ್‌ಎಸ್ ಅಂತ ಬೇರೆ ವ್ಯವಸ್ಥೆ ಇರುವುದು. 1970ರ ಹೊತ್ತಿಗೆ ದೇಶದಾದ್ಯಂತ ಬಂತು. ಆರಿಸಿದ ಕೆಲವು ಹಳ್ಳಿ, ಕೆಲವು ವಾರ್ಡುಗಳಲ್ಲಿ ಸ್ಥಳೀಯರೊಬ್ಬರು ಹುಟ್ಟು ಸಾವು ಬರೆಯುತ್ತಾ ಹೋಗುತ್ತಾರೆ. ಆರು ತಿಂಗಳಿಗೊಮ್ಮೆ ಬೇರೆಯವರು ಬಂದು ಮನೆಮನೆಗೆ ಹೋಗಿ ಮತ್ತೆ ಕೇಳುತ್ತಾರೆ. ಎರಡು ಪಟ್ಟಿ ಹೋಲಿಸಿ, ಹೊಂದದ್ದನ್ನು ಮತ್ತೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಅಲ್ಲಿ ಲೆಕ್ಕ ಆ ಜಾಗದಲ್ಲಿ ವಾಸ ಇರುವವರದ್ದು. ಸತ್ತದ್ದು ಯಾವ ಆಸ್ಪತ್ರೆಯಲ್ಲಿ ಅನ್ನುವುದು ಮುಖ್ಯವಲ್ಲ. ದೇಶದ ಟೇಬಲ್ ಬರುವುದು ಅದರಿಂದ. ಆದರೆ ಆ ಮಾದರಿ ರಾಜ್ಯದ ಮಟ್ಟಕ್ಕೆ ಸಾಕು, ಒಂದು ಜಿಲ್ಲೆಗೆ ಸಾಲುವುದಿಲ್ಲ.

ಪಡುಬಿದ್ರಿ_ಪ್ರಯಾಣಿಕ
ಮರಣ ಪತ್ರದಲ್ಲಿ ಸತ್ತವರ ವಿಳಾಸ ಇರುತ್ತದಲ್ಲ. ಈಗ ಎಲ್ಲ ಕಂಪ್ಯೂಟರಿನಲ್ಲಿದೆ. ವಿಳಾಸ ನೋಡಿ ಅವರವರ ಊರಿಗೆ ಹಂಚಿದರೆ ಆಯಿತು.

ಹಳೇ_ಗಣತಿದಾರ
ಆಸ್ಪತ್ರೆ ಹತ್ತಿರ ಇರಲಿ ಅಂತ ಮಗಳ ಮನೆಯಲ್ಲಿ ಆರು ತಿಂಗಳು ಇದ್ದವರು ಯಾವ ವಿಳಾಸ ಕೊಡುತ್ತಾರೆ ಹೇಳಿ. ಮುಂಬಯಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿ, ಕಾಯಿಲೆ ಬಿದ್ದ ಮೇಲೆ ಊರಿಗೆ ಬಂದು ಸತ್ತವರು ಎಲ್ಲಿಯವರು? ನಮ್ಮ ಜಿಲ್ಲೆಗಳಲ್ಲಿ ಇಂಥವರು ಒಬ್ಬಿಬ್ಬರಲ್ಲ.

ಪಾಠದ_ಟೀಚರ್
ಆದರೂ ಪಡುಬಿದ್ರಿಯವರ ಮಾತು ತಳ್ಳಿಹಾಕುವಂಥದ್ದಲ್ಲ ಅಣ್ಣ. ವಿಳಾಸದ ತಪ್ಪು ಎಷ್ಟು ದೊಡ್ಡದು ಅಂತ ಒಂದೆರಡು ಗ್ರಾಮ ಪಂಚಾಯತಿನಲ್ಲಿ ಮನೆಮನೆಗೆ ಹೋಗಿ ಪರೀಕ್ಷೆ ಮಾಡಬಹುದು, ಎಸ್‌ಆರ್‌ಎಸ್‌ನವರು ಮಾಡುವ ಹಾಗೆಯೇ. ಸಣ್ಣ ಪಂಚಾಯತಿನಲ್ಲಿ ಒಂದು ವಯಸ್ಸಿನ ಗುಂಪಿಗೆ ವರ್ಷಕ್ಕೆ ಮೂರೋ ನಾಲ್ಕೋ ಸಾವು, ಅದರಿಂದ ದರ ಕುಣಿಯುತ್ತದೆ. ಐದು ವರ್ಷದ್ದು ಒಟ್ಟು ಹಾಕಬೇಕು.

ಹಳೇ_ಗಣತಿದಾರ
ಮಾಡುವುದಾದರೆ ನನ್ನನ್ನು ಕರೆಯಿರಿ. ಜಿಲ್ಲೆಗೆ ಟೇಬಲ್ ಬರುತ್ತದೆ ಅನ್ನುವುದನ್ನು ನಾನಿನ್ನೂ ಒಪ್ಪಿಲ್ಲ. ಮನೆಮನೆ ಪಟ್ಟಿ ಮಾಡಲು ಮಾತ್ರ ಬರುತ್ತೇನೆ.

ಬಿಜೈ_ಅಕ್ಕ
ಮಳೆಗಾಲ ಮುಗಿಯಲಿ ಮಾರಾಯ್ರೆ, ಆಮೇಲೆ ಹೋಗಿ.